ಕುಶಾಲನಗರದ ಚೆರ್ರಿ, ಲಂಡನ್ನಿನ ಎರಡು ಲಾಟು

ಫೆಬ್ರವರಿ ಬಂತೆಂದರೆ ಕುಶಾಲನಗರದ ಗೋದಾಮುಗಳಲ್ಲಿ ರೋಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, ಖರೀದಿ ಬೆಳಿಗ್ಗೆಯೇ ಶುರುವಾಗುತ್ತದೆ. ಬೆಳೆಗಾರರಿಗೆ ಆಗ ಹೇಳುವ ದರ ಹಿಂದಿನ ರಾತ್ರಿ ಲಂಡನ್ ಮಾರುಕಟ್ಟೆ ಯಾವ ದರಕ್ಕೆ ಮುಚ್ಚಿತೋ ಅದನ್ನು ನೋಡಿಕೊಂಡು ಕಟ್ಟಿದ್ದು. ಆ ಮಾರುಕಟ್ಟೆ ಮತ್ತೆ ತೆರೆಯುವುದು, ಚಳಿಗಾಲದಲ್ಲಾದರೆ, ನಮ್ಮ ಮಧ್ಯಾಹ್ನ ಎರಡೂವರೆಗೆ. ಬೆಳಿಗ್ಗೆ ಕೊಂಡ ಕಾಫಿಯ ಬೆಲೆ ಅಲ್ಲಿಯವರೆಗೆ ಎತ್ತ ವಾಲಿದರೂ ಹೊಣೆ ರಫ್ತುದಾರನದೇ. ಹಾಗಾಗಿ ಅವನ ದಿನದ ನಿಜವಾದ ಕೆಲಸ ಊಟದ ನಂತರ ಶುರು.

ಲಂಡನ್ನಿನದು ವಾಯಿದಾ ಮಾರುಕಟ್ಟೆ; ಅಲ್ಲಿನ ಒಂದು ರೋಬಸ್ಟಾ ಲಾಟು ಎಂದರೆ ಮುಂದಿನ ತಿಂಗಳೊಂದಕ್ಕೆ ಇಂದೇ ದರ ಗೊತ್ತುಮಾಡುವ 10 ಟನ್ ಹಸಿರು ಬೀಜದ ಕರಾರು. ದರ ಟನ್ನಿಗೆ ಇಷ್ಟು ಡಾಲರ್ ಎಂದು. ನಮ್ಮಲ್ಲಿ ಲೆಕ್ಕ 50 ಕೆ.ಜಿ. ಚೆರ್ರಿ ಚೀಲದಲ್ಲಿ. ಒಂದು ಚೀಲಕ್ಕೆ 26 ಕೆ.ಜಿ. ಬೀಜ ಬಿದ್ದರೆ, ಅಂದರೆ ಓಟಿ 26 ಆದರೆ, 20 ಟನ್ ಬೀಜಕ್ಕೆ ಸುಮಾರು 770 ಚೀಲ ಬೇಕು. ಅಷ್ಟು ಕೊಂಡ ದಿನ ಲಂಡನ್ನಿನಲ್ಲಿ ಜುಲೈ ತಿಂಗಳ ಎರಡು ಲಾಟು ಮಾರಬೇಕು. ಬೀಜಕ್ಕೆ ಇನ್ನೂ ಗಿರಾಕಿ ಸಿಕ್ಕಿಲ್ಲ, ಆದರೆ ದರದ ಮಟ್ಟಿಗೆ ಅದು ಮಾರಿದಂತೆಯೇ.

ಬಿಡಿ ಅಂಕಿಗಳಲ್ಲಿ ನೋಡೋಣ. ಇವು ಲೆಕ್ಕಕ್ಕೆಂದು ಇಟ್ಟುಕೊಂಡವು. ಹಡಗಿಗೆ ಏರಿಸುವವರೆಗಿನ ಎಲ್ಲ ಖರ್ಚು ಸೇರಿ ಬೀಜ ಟನ್ನಿಗೆ 3,900 ಡಾಲರ್ ಬಿತ್ತು. ಜುಲೈ ಲಾಟು ಮಾರಿದ್ದು 4,000ಕ್ಕೆ. ಮೇ ತಿಂಗಳಲ್ಲಿ ಲಂಡನ್ 3,400ಕ್ಕೆ ಇಳಿಯಿತು. ಇಟಲಿಯ ಗಿರಾಕಿ ಅದಕ್ಕಿಂತ 50 ಡಾಲರ್ ಕಡಿಮೆಗೆ, ಅಂದರೆ 3,350ಕ್ಕೆ ಕೊಂಡ. ಬೀಜದಲ್ಲಿ ಟನ್ನಿಗೆ 550 ಹೋಯಿತು. ಅದೇ ದಿನ ಎರಡು ಲಾಟು ತಿರುಗಿ ಕೊಂಡಾಗ 600 ಬಂತು. ಉಳಿದದ್ದು ಟನ್ನಿಗೆ 50. ಲಂಡನ್ 4,700ಕ್ಕೆ ಏರಿದ್ದರೆ? ಬೀಜ 4,650ಕ್ಕೆ ಹೋಗಿ 750 ಲಾಭ, ಲಾಟಿನಲ್ಲಿ 700 ನಷ್ಟ, ಆಗಲೂ 50. ಮಾರುಕಟ್ಟೆಯ ಏರಿಳಿತ ಹೊರಗೆ ಹೋಗಿ, ಲಂಡನ್ ದರಕ್ಕೂ ನಮ್ಮ ಕಾಫಿಗೂ ಇರುವ ಅಂತರ, ಡಿಫರೆನ್ಷಿಯಲ್, ಮಾತ್ರ ಕೈಯಲ್ಲಿ ಉಳಿಯುತ್ತದೆ. ಅದು ನಮಗೆ ವಿರುದ್ಧವಾಗಿ ಹಿಗ್ಗಿದರೆ ಲಾಟು ಕಾಪಾಡುವುದಿಲ್ಲ. ಡಾಲರ್–ರೂಪಾಯಿ ದರವನ್ನೂ ಅದು ಕಾಯುವುದಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಬೇರೆಯಾಗಿ ಫಾರ್ವರ್ಡ್, ಅಂದರೆ ಮುಂದೆ ಬರುವ ಡಾಲರಿಗೆ ಈಗಲೇ ದರ ಕಟ್ಟುವ ಕರಾರು, ಮಾಡಿಸಬೇಕು.

ಕಾಗದದ ಮೇಲೆ ಇಷ್ಟು ಸಲೀಸು. ಜನ ಎಡವುವುದು ಮಾರ್ಜಿನ್‌ನಲ್ಲಿ, ಅಂದರೆ ಲಾಟಿಗಾಗಿ ಕಟ್ಟಬೇಕಾದ ಹಣದಲ್ಲಿ. ಲಾಟಿನ ನಷ್ಟವನ್ನು ಲಂಡನ್ ಮಾರುಕಟ್ಟೆ ದಿನದಿನವೇ ವಸೂಲು ಮಾಡುತ್ತದೆ. ಗೋದಾಮಿನಲ್ಲಿರುವ ಬೀಜದ ಲಾಭ ಮಾತ್ರ ಗಿರಾಕಿ ದುಡ್ಡು ಕೊಟ್ಟ ಮೇಲೆಯೇ. 2024ರ ಆರಂಭದಲ್ಲಿ 3,000 ಡಾಲರ್ ಆಸುಪಾಸಿನಲ್ಲಿದ್ದ ಲಂಡನ್ ರೋಬಸ್ಟಾ ಸೆಪ್ಟೆಂಬರಿನಲ್ಲಿ 5,000 ದಾಟಿತು. ಆ ಏರಿಕೆಯುದ್ದಕ್ಕೂ ಲಾಟು ಮಾರಿ, ತಿಂಗಳು ತಿಂಗಳು ಮುಂದೂಡುತ್ತ ಹೋದವರು ಪ್ರತಿ ಲಾಟಿಗೆ ಹತ್ತಿರಹತ್ತಿರ 20,000 ಡಾಲರ್ ಕಟ್ಟಬೇಕಿತ್ತು. ಲೆಕ್ಕದಲ್ಲಿ ನಷ್ಟವೇ ಇಲ್ಲ, ಆದರೆ ಖಾತೆಯಲ್ಲಿ ದುಡ್ಡಿಲ್ಲ. ಆಗ ಹೆದರಿ ಮಧ್ಯದಲ್ಲೇ ಲಾಟು ಮುಚ್ಚಿಬಿಟ್ಟರೆ ನಷ್ಟ ಖಾಯಂ, ಮರುದಿನ ದರ ಬಿದ್ದರೆ ಬೀಜದಲ್ಲೂ ಪೆಟ್ಟು. ಹಾಗಾಗಿ ಮೊದಲ ಲಾಟು ಮಾರುವ ಮುಂಚೆಯೇ ಬ್ಯಾಂಕಿನವರ ಎದುರು ಕೂತು, ದರ ಟನ್ನಿಗೆ ಸಾವಿರ ಡಾಲರ್ ಏರಿದರೆ ಲಾಟೊಂದಕ್ಕೆ ಬೇಕಾಗುವ 10,000 ಡಾಲರ್ ಎಲ್ಲಿಂದ ಬರುತ್ತದೆ ಎಂದು ಗಟ್ಟಿಮಾಡಿಕೊಳ್ಳಬೇಕು. ವಿದೇಶಿ ಮಾರುಕಟ್ಟೆಯಲ್ಲಿ ಹೀಗೆ ದರ ಕಾಯ್ದುಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನ ಮೂಲಕವೇ ಹೋಗಬೇಕು. ಅದಕ್ಕೆ ತಕ್ಕ ಸರಕಿನ ವ್ಯವಹಾರವೂ ಇರಬೇಕು.

ಇನ್ನೊಂದು ಗುಂಡಿ ಬಾಯಿಮಾತಿನ ಖರೀದಿ. “ಮುಂದಿನ ವಾರ ಇನ್ನೂರು ಚೀಲ ಕಳಿಸ್ತೀನಿ, ಇವತ್ತಿನ ರೇಟೇ ಇರಲಿ” ಎಂದವರನ್ನು ನಂಬಿ ಲಾಟು ಮಾರಿರುತ್ತೇವೆ. ದರ ಏರಿತೋ, ಆ ಚೀಲ ಬರುವುದೇ ಇಲ್ಲ. ಈಗ ಕೈಯಲ್ಲಿರುವುದು ಬೀಜವಿಲ್ಲದ ಲಾಟು, ಅಂದರೆ ಶುದ್ಧ ಸಟ್ಟಾ. 2023–24ರ ಹಂಗಾಮಿನಲ್ಲಿ ವಿಯೆಟ್ನಾಮಿನಲ್ಲಿ ಇದೇ ಆಯಿತು. ಒಪ್ಪಿಕೊಂಡ ಕಾಫಿಯನ್ನು ರೈತರೂ ಮಧ್ಯವರ್ತಿಗಳೂ ಕೊಡದೆ ಕೈಕೊಟ್ಟರು. ಗೋದಾಮಿಗೆ ಬಂದು ತೂಗಿದ್ದನ್ನೂ ಬರಬೇಕಾದ್ದನ್ನೂ ಪುಸ್ತಕದಲ್ಲಿ ಬೇರೆ ಬೇರೆ ಬರೆದಿಟ್ಟು, ಗಿರಾಕಿಯೊಂದಿಗೆ ಇನ್ನೂ ದರ ಕುದುರದೆ ಉಳಿದ ಟನ್ನೂ ಮಾರಿದ ಲಾಟೂ ಸರಿಹೊಂದುತ್ತವೆಯೇ ಎಂದು ಸಂಜೆ ನೋಡಿದರೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಪೂರ್ತಿ ಹೊಂದಿಕೆ ಎಂದೂ ಆಗದು: 60 ಕೆ.ಜಿ.ಯ 320 ಚೀಲ ತುಂಬಿದ ಕಂಟೈನರ್ 19.2 ಟನ್, ಲಾಟು 20. ಅಷ್ಟು ಹೆಚ್ಚುಕಡಿಮೆ ನಡೆಯುತ್ತದೆ.

ಸಣ್ಣ ಬೆಳೆಗಾರನಿಗೆ ಒಂದು ಲಾಟೇ 385 ಚೀಲದ ಮಾತು. ನೇರ ಲಂಡನ್ನಿಗೆ ಇಳಿಯುವ ಬದಲು ಅವನು ರಫ್ತುದಾರನ ಜೊತೆ ಬರಹದಲ್ಲಿ ದರ ಗೊತ್ತುಮಾಡಿಕೊಳ್ಳುವುದೇ ವಾಸಿ; ಅದೂ ಇಡೀ ಬೆಳೆಗಲ್ಲ, ಕಣದಲ್ಲಿ ಒಣಗಿ ಚೀಲ ಕಟ್ಟಿದ್ದಕ್ಕೆ. ಗಿಡದಲ್ಲಿರುವ ಹಣ್ಣಿಗೆ ದರ ಕಟ್ಟಿ ಅಕಾಲದ ಮಳೆಗೆ ಅದು ಉದುರಿದರೆ, ಮಾತು ಉಳಿಸಿಕೊಳ್ಳಲು ಪೇಟೆಯಲ್ಲಿ ಕೊಂಡು ಕೊಡಬೇಕಾದೀತು.