40ನೇ ಕ್ಲಾಸಿನ ಹಾಜರಿ

ಸಂಜೆ ಐದರ ಬ್ಯಾಚು, ಗಣಿತ, ಪಟ್ಟಿಯಲ್ಲಿ 42 ಮಂದಿ. 5.15ಕ್ಕೆ ಹಾಜರಿ ಕೂಗಿ ಮುಗಿದಾಗ ಆರು ಜನ ಗೈರು. ಅಂದರೆ ಬೆಂಚುಗಳ ಮೇಲೆ 36 ತಲೆ ಇರಬೇಕು. ಹಿಂದಿನ ಸಾಲಿನಿಂದ ಎಣಿಸುತ್ತ ಬಂದರೆ 35. ಮುಂದಿನಿಂದ ಇನ್ನೊಮ್ಮೆ ಎಣಿಸಿದರೂ 35.

ಹೀಗೆ ಒಂದು ಕಡಿಮೆ ಬಂದರೆ ಕಾರಣ ಹೆಚ್ಚಾಗಿ ಒಂದೇ: ಇಲ್ಲದವರ ಪರವಾಗಿ ಯಾರೋ ‘ಎಸ್ ಸರ್’ ಅಂದಿದ್ದಾರೆ. ಕಣ್ಣು ಪುಸ್ತಕದಲ್ಲಿ, ಕಿವಿ ಮಾತ್ರ ಕ್ಲಾಸಿನಲ್ಲಿ ಇಟ್ಟು ಹಾಜರಿ ತೆಗೆದರೆ ಇದು ಆಗಿಯೇ ಆಗುತ್ತದೆ. ಒಂದು ಹೆಚ್ಚು ಬಂದಿದ್ದರೆ ಬೇರೆ ಬ್ಯಾಚಿನವರು ಯಾರೋ ಕೂತಿದ್ದಾರೆ, ಇಲ್ಲವೇ ಹೆಸರು ಕೂಗಿದ ಮೇಲೆ ಒಳಗೆ ಬಂದವರನ್ನು ತಿದ್ದಿಲ್ಲ ಎಂದರ್ಥ. ಅದಕ್ಕೇ ತಲೆ ಎಣಿಸುವ ಕೆಲಸ ಹೆಸರು ಕೂಗುವುದಕ್ಕಿಂತ ಮುಖ್ಯ. ಎರಡೂ ಲೆಕ್ಕ ತಾಳೆಯಾಗುವ ತನಕ ಯಾರ ಮನೆಗೂ ‘ನಿಮ್ಮ ಮಗ ಇವತ್ತು ಬಂದಿಲ್ಲ’ ಅಂತ ಮೆಸೇಜ್ ಹೋಗಬಾರದು. ಕ್ಲಾಸಿನಲ್ಲಿ ಕೂತಿರುವ ಹುಡುಗನ ಮನೆಗೆ ಅಂಥ ಮೆಸೇಜ್ ಒಮ್ಮೆ ಹೋದರೆ, ಮುಂದೆ ನಿಜವಾಗಿ ಗೈರಾದ ದಿನ ಕಳಿಸಿದ್ದನ್ನೂ ಮನೆಯವರು ನಂಬುವುದಿಲ್ಲ.

ಅವತ್ತು ಮುಖ ನೋಡಿಕೊಂಡೇ ಇನ್ನೊಮ್ಮೆ ಹೆಸರು ಕೂಗಿದೆವು. ಇಲ್ಲದವನು ರೋಲ್ ನಂಬರ್ 17. P ಹೊಡೆದುಹಾಕಿ A ಬರೆದಾಗ ಅವನ ಸಾಲಿನಲ್ಲಿ A ಸತತ ಮೂರಾಯಿತು. ಮೂರು ಸತತ ಗೈರಾದರೆ ಕರೆದು ಮಾತಾಡಬೇಕು ಅನ್ನುವುದು ಆಗ ನಮ್ಮಲ್ಲಿದ್ದ ನಿಯಮ. ಹಾಗಾಗಿ ಆ ಸಂಜೆಯೇ ಅವನ ಹೆಸರು ಕಣ್ಣಿಗೆ ಬಿತ್ತು, ಅದಕ್ಕೆ ಮೊದಲು ಬಿದ್ದಿರಲಿಲ್ಲ.

ಯಾಕೆ ಬಿದ್ದಿರಲಿಲ್ಲ ಅನ್ನುವುದಕ್ಕೆ ಉತ್ತರ ಪರ್ಸೆಂಟಿನಲ್ಲಿದೆ. 40 ಕ್ಲಾಸಿನಲ್ಲಿ ಅವನು ತಪ್ಪಿಸಿದ್ದು ಆರು, ಹಾಜರಿ 85 ಪರ್ಸೆಂಟ್. ಅದೇ ಬ್ಯಾಚಿನ 8ನೇ ನಂಬರಿನ ಹುಡುಗಿ ಎಂಟು ತಪ್ಪಿಸಿ 80ರಲ್ಲಿದ್ದಳು. ತಿಂಗಳ ಕೊನೆಗೆ ಪರ್ಸೆಂಟ್ ನೋಡಿ ಕರೆಯುವವರು ಮೊದಲು ಅವಳನ್ನೇ ಕರೆಯುತ್ತಾರೆ. ಆದರೆ ಅವಳ ಎಂಟು ಗೈರು ಮೊದಲಿನಿಂದಲೂ ಐದಕ್ಕೊಂದರಂತೆ ಹರಡಿಕೊಂಡಿವೆ, ಕೊನೆಯ ಹತ್ತರಲ್ಲಿ ಎರಡೇ. ಇದು ಅವಳ ರೂಢಿ, ತಪ್ಪಿಸಿದ ಪಾಠವನ್ನು ಅವಳು ಹೇಗೋ ಸರಿದೂಗಿಸಿಕೊಳ್ಳುತ್ತಾಳೆ. 17ರವನದು ಮೊದಲ 30 ಕ್ಲಾಸಿನಲ್ಲಿ ಒಂದೇ ಒಂದು ಗೈರು, ಆಮೇಲಿನ ಹತ್ತರಲ್ಲಿ ಐದು. ಮೊದಲ ಮೂವತ್ತರ ಪುಣ್ಯ ಕೊನೆಯ ಹತ್ತರ ಪಾಪವನ್ನು ಮುಚ್ಚಿಟ್ಟಿತ್ತು. ಕ್ಲಾಸುಗಳು ಹೆಚ್ಚಾದಷ್ಟೂ ಪರ್ಸೆಂಟ್ ಮಂದವಾಗುತ್ತದೆ. ನೂರು ಕ್ಲಾಸಾದ ಮೇಲೆ ಒಂದು ವಾರ ಪೂರ್ತಿ ಬರದಿದ್ದರೂ ಅದು ಅಲುಗುವುದು ಐದಾರು ಅಂಕಿಯಷ್ಟೇ.

ಅವನ ಕೊನೆಯ ಹತ್ತು ಕ್ಲಾಸು, 31ರಿಂದ 40ರ ತನಕ, ಪುಸ್ತಕದಲ್ಲಿ ಹೀಗಿತ್ತು. P ಹಾಜರಿ, L ತಡ, A ಗೈರು.

```
31 32 33 34 35 36 37 38 39 40
L  P  L  A  P  A  L  A  A  A
```

ಗೈರುಗಳಿಗಿಂತ ಮೊದಲು ತಡಗಳು ಬಂದಿರುವುದನ್ನು ನೋಡಿ. ಕ್ಲಾಸು ಬಿಡುವ ಹುಡುಗರು ಒಂದೇ ದಿನಕ್ಕೆ ಬಿಡುವುದು ಕಡಿಮೆ, ಮೊದಲು ಬಾಗಿಲ ಹತ್ತಿರ ತಡೆದು ತಡೆದು ನಿಲ್ಲುತ್ತಾರೆ. ನಮ್ಮ ಲೆಕ್ಕದಲ್ಲಿ L ಅಂದರೆ ಹಾಜರಿಯೇ ಆಗಿತ್ತು, ಹಾಗಾಗಿ ಆ ಸುಳಿವು ಎಲ್ಲೂ ಕಾಣಿಸಲಿಲ್ಲ. ಆ ರಾತ್ರಿ ಹಾಜರಿಯ ಸ್ಪ್ರೆಡ್‌ಶೀಟಿನಲ್ಲಿ ಬದಲಾಯಿಸಿದ್ದು ಇದನ್ನೇ. ಇಡೀ ಅವಧಿಯ ಪರ್ಸೆಂಟ್ ಬದಲು ಕೊನೆಯ ಹತ್ತು ಕ್ಲಾಸು ಮಾತ್ರ, ಗೈರಿಗೆ ಒಂದು, ತಡಕ್ಕೆ ಅರ್ಧ. ಮೊತ್ತ ಮೂರು ಮುಟ್ಟಿದರೆ ಕೆಂಪು. ಈ ಲೆಕ್ಕ ಹಿಡಿದು ಹಿಂದಕ್ಕೆ ಹೋಗಿ ನೋಡಿದರೆ 17ರವನು 36ನೇ ಕ್ಲಾಸಿಗೇ ಮೂರು ಮುಟ್ಟಿದ್ದ: ಎರಡು ತಡ, ಎರಡು ಗೈರು. ಗೈರು ಮಾತ್ರ ಎಣಿಸಿದ್ದರೆ 38ಕ್ಕೆ ಸಿಗುತ್ತಿದ್ದ. ಸತತ ಮೂರರ ನಿಯಮಕ್ಕೆ ಸಿಕ್ಕಿದ್ದು 40ಕ್ಕೆ, ಅದೂ ತಲೆ ಎಣಿಸಿದ್ದಕ್ಕೆ.

ಶೀಟಿನ ಜೋಡಣೆ ಸರಳ. A ಕಾಲಂನಲ್ಲಿ ರೋಲ್ ನಂಬರ್, Bಯಲ್ಲಿ ಹೆಸರು, Cಯಲ್ಲಿ ಸೇರಿದ ದಿನ, Dಯಲ್ಲಿ ಈ ಮೊತ್ತ, Eಯಲ್ಲಿ ಕೊನೆಗೆ ಮಾತಾಡಿದ ದಿನ. Fನಿಂದ ಮುಂದಕ್ಕೆ ಕ್ಲಾಸಿಗೊಂದು ಕಾಲಂ, ದಿನಾಂಕ ಮೂರನೇ ಸಾಲಿನಲ್ಲಿ. ಐದನೇ ಸಾಲಿನಿಂದ ವಿದ್ಯಾರ್ಥಿಗಳು. ನಡೆದ ಕ್ಲಾಸು ಎಷ್ಟು ಅನ್ನುವುದು B2ನಲ್ಲಿ:

```
=COUNT($F$3:$DZ$3)
```

ಮೊತ್ತ D5ರಲ್ಲಿ, ಅಲ್ಲಿಂದ ಕೆಳಕ್ಕೆ ಎಳೆದರಾಯಿತು:

```
=COUNTIF(OFFSET($E5,0,$B$2-9,1,10),"A")
 +0.5*COUNTIF(OFFSET($E5,0,$B$2-9,1,10),"L")
```

ಇದು ಕೆಡುವ ರೀತಿ ಮಾತ್ರ ಸ್ವಲ್ಪ ಮೋಸದ್ದು, ಯಾಕೆಂದರೆ ಕೆಟ್ಟಾಗ ತಪ್ಪು ಅಂತ ತೋರಿಸುವುದಿಲ್ಲ, ಎಲ್ಲ ಚೆನ್ನಾಗಿದೆ ಅಂತ ತೋರಿಸುತ್ತದೆ. ಯಾರಾದರೂ ಉತ್ಸಾಹದಲ್ಲಿ ಮುಂದಿನ ಎರಡು ವಾರದ ದಿನಾಂಕಗಳನ್ನು ಈಗಲೇ ತುಂಬಿಟ್ಟರೆ, ಶೀಟು ಆ ಖಾಲಿ ಕಾಲಂಗಳನ್ನೇ ಕೊನೆಯ ಹತ್ತು ಎಂದುಕೊಂಡು ಎಲ್ಲರಿಗೂ ಸೊನ್ನೆ ಕೊಡುತ್ತದೆ. ಇಡೀ ಬ್ಯಾಚು ಒಮ್ಮೆಲೇ ಶಿಸ್ತಿನ ಬ್ಯಾಚಾದರೆ ಮೊದಲು ಮೂರನೇ ಸಾಲು ನೋಡಬೇಕು. ದಿನಾಂಕ ಅಕ್ಷರವಾಗಿ ಕೂತುಬಿಟ್ಟರೆ COUNT ಅದನ್ನು ಎಣಿಸುವುದಿಲ್ಲ, ಕೊನೆಯ ಹತ್ತರ ಕಿಟಕಿ ಒಂದು ಕ್ಲಾಸು ಹಿಂದೆ ಉಳಿಯುತ್ತದೆ. A ಆದ ಮೇಲೆ ಒಂದು ಸ್ಪೇಸ್ ಬಿದ್ದಿದ್ದರೂ ಅದು ಗೈರಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕೈಯಲ್ಲಿ ಟೈಪ್ ಮಾಡಿಸದೆ ಡ್ರಾಪ್‌ಡೌನ್ ಇಟ್ಟರೆ ಕ್ಷೇಮ. ಕ್ಲಾಸು ರದ್ದಾದ ದಿನಕ್ಕೆ ಕಾಲಂ ಬೇಡ. ಮೊದಲ ಹತ್ತು ಕ್ಲಾಸು ಮುಗಿಯುವ ತನಕ ಈ ಸೂತ್ರ ಹಾಕಲೇಬೇಡಿ, ಅದು ಎಡಕ್ಕೆ ಸರಿದು ಹೆಸರಿನ ಕಾಲಂಗಳಿಗೆ ನುಗ್ಗುತ್ತದೆ. ಮೊದಲೇ ಹೇಳಿ ಬಿಟ್ಟವರಿಗೆ E ಅಂತ ಬೇರೆ ಗುರುತು ಇದೆ, ಅದು ಈ ಮೊತ್ತಕ್ಕೆ ಸೇರುವುದಿಲ್ಲ. ಆದರೆ ಹತ್ತರಲ್ಲಿ ನಾಲ್ಕು E ಕಂಡರೆ ಅದನ್ನೂ ವಿಚಾರಿಸಬೇಕು. ಅನುಮತಿ ಕೇಳಿಯೇ ಜಾರುವವರೂ ಇದ್ದಾರೆ.

ಯಾರು ಅನ್ನುವುದಷ್ಟೇ ಇದರಿಂದ ತಿಳಿಯುತ್ತದೆ. ಯಾಕೆ ಅನ್ನುವುದಕ್ಕೆ ನಾಲ್ಕನೇ ಸಾಲು. ಪ್ರತಿ ದಿನಾಂಕದ ಕೆಳಗೆ ಅವತ್ತು ಕ್ಲಾಸಿನಲ್ಲಿ ಏನಾಯಿತು ಅಂತ ಎರಡೇ ಪದ: ‘ಹೊಸ ಪಾಠ’, ‘ಟೆಸ್ಟ್’, ‘ಬೋರ್ಡ್ ಲೆಕ್ಕ’. ಬರೆಯಲು ಹತ್ತು ಸೆಕೆಂಡು ಬೇಕು, ಬಹಳ ಕಡೆ ಬರೆಯುವುದೇ ಇಲ್ಲ.

17ರವನು ಸಮಯಕ್ಕೆ ಬಂದ ಎರಡೇ ಕ್ಲಾಸು, 32 ಮತ್ತು 35, ಎರಡರ ಕೆಳಗೂ ‘ಹೊಸ ಪಾಠ’ ಅಂತಿತ್ತು. 39 ಟೆಸ್ಟ್. ಉಳಿದ ಏಳೂ ‘ಬೋರ್ಡ್ ಲೆಕ್ಕ’, ಅಂದರೆ ಮೊದಲ ಕಾಲು ಗಂಟೆ ಯಾರನ್ನಾದರೂ ಕರೆದು ಹೋಂವರ್ಕ್ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಲು ಹೇಳುವ ದಿನ. L ಜೊತೆಗೆ ಬಂದ ಸಮಯವನ್ನೂ ಬರೆಯುವ ಅಭ್ಯಾಸವಿದ್ದದ್ದು ಒಳ್ಳೆಯದಾಯಿತು. 5.16, 5.18, 5.17. ಬೋರ್ಡು ಒರೆಸುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿರುತ್ತಿದ್ದ. ಇನ್ನೂ ಹಿಂದೆ 30ನೇ ಕ್ಲಾಸಿನ ಕೆಳಗೆ ಟೆಸ್ಟ್ ಅಂತಿತ್ತು. ಅದರಲ್ಲಿ ಅವನಿಗೆ ಬಂದದ್ದು 25ಕ್ಕೆ 6.

ಮರುದಿನ ಅವನು ಬಂದ. ‘ಮೂರು ದಿನ ಯಾಕೆ ಬರಲಿಲ್ಲ’ ಅಂತ ಕೇಳಿದರೆ ಸಿಗುವುದು ಜ್ವರ, ಇಲ್ಲವೇ ನೆಂಟರ ಮನೆ. ಪುಸ್ತಕ ತಿರುಗಿಸಿ ಅವನ ಕಡೆಗೇ ಇಟ್ಟು, ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟೆವು.

‘ಬೋರ್ಡ್ ಇರೋ ದಿನ ಮಾತ್ರ ಲೇಟ್ ಆಗ್ತಿದೆಯಲ್ಲೋ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಕೊನೇ ಚಾಪ್ಟರ್ ಲೆಕ್ಕ ಬರಲ್ಲ ಸರ್. ಎಲ್ಲರ ಎದುರಿಗೆ ನಿಂತ್ಕೋಬೇಕಲ್ಲ.’

‘ಎಲ್ಲಿಂದ ಬರಲ್ಲ?’

‘ಎರಡನೇ ಎಕ್ಸರ್‌ಸೈಜಿಂದ.’

ಇಷ್ಟು ನಿಖರವಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕ್ಲಾಸಿಗೆ ಮುಂಚೆ ಅರ್ಧ ಗಂಟೆಯಂತೆ ಎರಡು ದಿನ ಆ ಎಕ್ಸರ್‌ಸೈಜು, ಒಂದು ವಾರ ಬೋರ್ಡಿಗೆ ಕರೆಯುವುದಿಲ್ಲ, ಆಮೇಲೆ ಕರೆಯುವ ಮೊದಲ ಲೆಕ್ಕ ಯಾವುದು ಅಂತ ಹಿಂದಿನ ದಿನವೇ ಅವನಿಗೆ ಗೊತ್ತಿರುತ್ತದೆ. ಅವನ ಪರವಾಗಿ ‘ಎಸ್ ಸರ್’ ಅಂದ ಗೆಳೆಯನ ವಿಷಯ ಅವತ್ತು ಎತ್ತಲಿಲ್ಲ. ಎರಡೂ ಒಟ್ಟಿಗೆ ಎತ್ತಿದ್ದರೆ ಮಾತು ಪ್ರಾಕ್ಸಿಯ ಮೇಲೆಯೇ ನಿಂತು ಲೆಕ್ಕದ ವಿಷಯ ಬದಿಗೆ ಹೋಗುತ್ತಿತ್ತು. ಅದಕ್ಕೆ ಪರಿಹಾರ ನಮ್ಮ ಕಣ್ಣಲ್ಲೇ ಇತ್ತು, ಪುಸ್ತಕದಿಂದ ತಲೆ ಎತ್ತಿ ಹೆಸರು ಕೂಗುವುದು.

ಇಲ್ಲಿ E ಕಾಲಂನ ಉಪಯೋಗ ಬರುತ್ತದೆ. 41ರಿಂದ ಒಂದೂ ತಪ್ಪಿಸದೆ ಸಮಯಕ್ಕೆ ಬಂದರೂ ಅವನ ಸಾಲು ಮರುದಿನವೇ ಕೆಂಪು ಕಳೆಯುವುದಿಲ್ಲ. ಹಳೆಯ ಗೈರುಗಳು ಕಿಟಕಿಯಿಂದ ಒಂದೊಂದಾಗಿ ಹೊರಗೆ ಬೀಳಬೇಕು. 46ರಲ್ಲಿ ಮೊತ್ತ 3.5, 47ರಲ್ಲಿ 3, 48ಕ್ಕೆ 2. ನಡುವಿನ ಈ ಏಳು ಕ್ಲಾಸಿನಲ್ಲಿ ಬೇರೊಬ್ಬ ಮೇಷ್ಟ್ರು ಶೀಟು ನೋಡಿ, ಸರಿಹೋಗುತ್ತಿರುವ ಹುಡುಗನನ್ನು ಮತ್ತೆ ಕರೆದು ಬೈದರೆ ಮಾಡಿದ್ದೆಲ್ಲ ಕೆಟ್ಟಂತೆ. ಮಾತಾಡಿದ ದಿನ ಬರೆದಿದ್ದರೆ ಆ ದಿನದಿಂದೀಚೆಗೆ ಹೊಸ A ಅಥವಾ L ಇದೆಯೇ ಎಂದು ಮಾತ್ರ ನೋಡಿದರೆ ಸಾಕು. ಅವನದು ಇದ್ದದ್ದು ಒಂದೇ, 44ನೇ ಕ್ಲಾಸಿನಲ್ಲಿ ಒಂದು L, 5.11ಕ್ಕೆ. ಅದು ಹೊಸ ಪಾಠದ ದಿನ. ಯಾರೂ ಏನೂ ಕೇಳಲಿಲ್ಲ.

ಆ ಅರ್ಧ ಸೇರಿ 48ಕ್ಕೆ ಅವನದು 2.5 ಆಗಿ ಕೆಂಪು ಹೋಯಿತು. ಅದೇ ಸಂಜೆ 23ನೇ ನಂಬರಿನ ಮುಂದೆಯೂ 2.5 ಇತ್ತು. ಒಂದೂ A ಇಲ್ಲ, ಐದು L, ಐದೂ 5.12ರಿಂದ 5.14ರ ಒಳಗೆ, ಹೊಸ ಪಾಠ ಬೋರ್ಡ್ ಲೆಕ್ಕ ಅನ್ನುವ ಭೇದವಿಲ್ಲದೆ. ಇಷ್ಟು ಒಂದೇ ಸಮನಾದ ತಡ ಸಾಮಾನ್ಯವಾಗಿ ಬಸ್ಸಿನದು. ಅವಳನ್ನು ಕೇಳಬೇಕಾದದ್ದು ಲೆಕ್ಕದ ಬಗ್ಗೆ ಅಲ್ಲ, ಬಸ್ಸಿನ ವೇಳೆ ಬದಲಾಗಿದೆಯೇ ಅಂತ.