ಐದೂವರೆ ಮನೆಯ ಹಾಡನ್ನು ಐದು ಮನೆಗೆ ಇಳಿಸುವಾಗ

ನಾನು ಮೈಸೂರಿನಲ್ಲಿ ಗಿಟಾರ್ ಕಲಿಸುತ್ತೇನೆ. ಮಕ್ಕಳು ವಾಟ್ಸಾಪ್‌ನಲ್ಲಿ ಕಾರ್ಡ್ ಚಾರ್ಟಿನ ಸ್ಕ್ರೀನ್‌ಶಾಟ್ ಕಳಿಸಿ, "ಸರ್, ಇದನ್ನ ಈಸಿ ಕೀಗೆ ಬರೆದುಕೊಡಿ" ಅನ್ನುವುದು ವಾರಕ್ಕೆ ನಾಲ್ಕೈದು ಸಲವಾದರೂ ಇರುತ್ತದೆ. ತುಂಬ ವರ್ಷ ಈ ಕೆಲಸವನ್ನು ಬರೀ ಅಕ್ಷರ ಬದಲಿಸುವ ಕೆಲಸ ಅಂದುಕೊಂಡೇ ಮಾಡಿದೆ. ಹಾಗಲ್ಲ ಅನ್ನುವುದು ಒಂದು ಬೀಳ್ಕೊಡುಗೆ ಹಾಡಿನಿಂದ ಗೊತ್ತಾಯಿತು.

ಕಾಲೇಜೊಂದರ ಹಳೆಯ ವಿದ್ಯಾರ್ಥಿ ಕೀಬೋರ್ಡಿನ ಮೇಲೆ ಕಟ್ಟಿದ ಹಾಡು ಅದು. ಅವರು ಹಾಡಿದ ವಾಯ್ಸ್ ನೋಟ್ ಒಂದು, ಚಾರ್ಟಿನ ಸ್ಕ್ರೀನ್‌ಶಾಟ್ ಒಂದು ಬಂದಿತ್ತು. ಪಲ್ಲವಿ ಹೀಗಿತ್ತು:

```
A♭         E♭/G       Fm
male ninta meloo hani ulida haage
D♭       D♭m        A♭
nee hoda meloo dani uliyali
```

ಚರಣದಲ್ಲಿ ಇವುಗಳ ಜೊತೆಗೆ Bm, E♭ ಬರುತ್ತಿದ್ದವು. ಕೀಬೋರ್ಡಿನವರಿಗೆ A♭ ಕಷ್ಟವೇನಲ್ಲ. ಗಿಟಾರ್ ಹಿಡಿದು ಆರು ತಿಂಗಳಾದ ಹುಡುಗರಿಗೆ ಇಲ್ಲಿರುವ ಹೆಚ್ಚುಕಮ್ಮಿ ಎಲ್ಲವೂ ಬಾರ್ ಕಾರ್ಡ್‌ಗಳೇ. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಒತ್ತಿ ಒತ್ತಿ, ಒಂದು ಚರಣ ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಅರ್ಧ ಸ್ವರ ಇಳಿಸಿ G ಮಾಡಿದರೆ ಹೆಚ್ಚಿನವು ತೆರೆದ ಕಾರ್ಡ್‌ಗಳಾಗುತ್ತವೆ. ನಮ್ಮ ಶ್ರುತಿಯ ಲೆಕ್ಕದಲ್ಲಿ ಐದೂವರೆ ಮನೆಯಿಂದ ಐದು ಮನೆಗೆ, ಅಷ್ಟೇ.

ಇಳಿಸುವುದಕ್ಕೆ ಮೊದಲು ಕಾರ್ಡ್‌ಗಳಿಗೆ ಸ್ವರದ ಹೆಸರು ಕೊಡುತ್ತೇನೆ. A♭ ಷಡ್ಜವಾದರೆ B♭ ರಿಷಭ, C ಗಾಂಧಾರ, D♭ ಮಧ್ಯಮ, E♭ ಪಂಚಮ, F ದೈವತ, G ನಿಷಾದ. ಹಾಗಾಗಿ ಮೇಲಿನ ಮೊದಲ ಸಾಲು ಸ, ನಿಷಾದದ ಮೇಲೆ ಕೂತ ಪ, ಆಮೇಲೆ ಮೈನರ್ ದ. ಕೀ ಬದಲಾದರೂ ಈ ಹೆಸರುಗಳು ಬದಲಾಗುವುದಿಲ್ಲ. G ಷಡ್ಜವಾದಾಗ ಪ ಅಂದರೆ D, ನಿ ಅಂದರೆ F#, ದ ಅಂದರೆ E. ಆದ್ದರಿಂದ ಸಾಲು G, D/F#, Em ಆಗುತ್ತದೆ. ಗೆರೆಯ ಆಚೆಗಿರುವ ಬೇಸ್ ಸ್ವರವನ್ನೂ ಇಳಿಸಬೇಕು. E♭/G ಇದ್ದದ್ದನ್ನು ಅವಸರದಲ್ಲಿ D/G ಅಂತ ಬರೆದ ಮಕ್ಕಳ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸ್ವರದ ಹೆಸರು ಕೊಡುವುದರಿಂದ ಆಗುವ ದೊಡ್ಡ ಉಪಕಾರ ಅಂದರೆ, ಸ್ಕ್ರೀನ್‌ಶಾಟಿನಲ್ಲಿ ಅಳಿಸಿಹೋದದ್ದು ಸಿಕ್ಕಿಬೀಳುತ್ತದೆ. ಈ ಚಾರ್ಟಿನಲ್ಲಿ ಎರಡು ಕಾರ್ಡ್‌ಗಳು ಶ್ರುತಿಯ ಲೆಕ್ಕಕ್ಕೆ ಕೂರಲಿಲ್ಲ. ಒಂದು Bm. A♭ ಮೇಜರಿನ ಏಳು ಸ್ವರಗಳಲ್ಲಿ B ಇಲ್ಲವೇ ಇಲ್ಲ. ಅದನ್ನು ಹಾಗೇ ಅರ್ಧ ಸ್ವರ ಇಳಿಸಿದರೆ B♭m ಬರುತ್ತದೆ. ಸುಲಭ ಮಾಡಲು ಹೊರಟವರ ಎದುರಿಗೆ ಮತ್ತೊಂದು ಬಾರ್ ಕಾರ್ಡ್! ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. B ಪಕ್ಕದಲ್ಲಿ, ಮೇಲುಗಡೆ, ಒಂದು ಬೂದು ಚುಕ್ಕೆಯಂಥದ್ದು ಕಂಡಿತು. ಕೈಯಿಂದ ಕೈಗೆ ಫಾರ್ವರ್ಡ್ ಆಗಿ ಸವೆದುಹೋದ ಫ್ಲ್ಯಾಟ್ ಗುರುತು ಅದು. ಅಂದರೆ ಅದು B♭m, ನಮ್ಮ ರಿಷಭ. ಇಳಿಸಿದರೆ Am. ವಾಯ್ಸ್ ನೋಟಿನ ಜೊತೆ ನುಡಿಸಿ ನೋಡಿದೆ, ಸರಿಯಾಗಿ ಕೂತಿತು.

ಎರಡನೆಯದು D♭m. ಮಧ್ಯಮದ ಮೇಲೆ ಮೇಜರ್ ಕಾರ್ಡ್ ಬರಬೇಕು, ಇಲ್ಲಿ ಮೈನರ್ ಇದೆ. ಆಗಷ್ಟೇ ಒಂದು ತಪ್ಪು ಹಿಡಿದಿದ್ದೆನಲ್ಲ, ಆ ಧೈರ್ಯದಲ್ಲಿ ಇದೂ ತಪ್ಪೇ ಅಂದುಕೊಂಡೆ. m ಕಸವಿರಬೇಕು ಅಂತ ತೆಗೆದುಹಾಕಿ, ಎರಡು ಕಡೆಯೂ C ಅಂತ ಬರೆದುಕೊಟ್ಟೆ. ಈ ಸಲ ವಾಯ್ಸ್ ನೋಟ್ ಕೇಳಲಿಲ್ಲ.

ಮೊದಲ ಅಭ್ಯಾಸದ ದಿನ ಹಾಡುವ ಹುಡುಗಿ ಎರಡನೆಯ "ಮೇಲೂ" ಹತ್ತಿರ ಬಂದಾಗಲೆಲ್ಲ ತಡವರಿಸುತ್ತಿದ್ದಳು.

"ಯಾಕಮ್ಮ, ಶ್ರುತಿ ಎತ್ತರ ಆಯ್ತಾ?" ಅಂದೆ.

"ಇಲ್ಲ ಸರ್. ಅಲ್ಲಿ ದೈವತ ಕೆಳಗಿಂದು ಹಿಡೀಬೇಕು. ಗಿಟಾರ್ ಕೇಳಿದ್ರೆ ಗಂಟಲು ಮೇಲಿಂದಕ್ಕೇ ಹೋಗ್ತಿದೆ."

ಅವಳು ಏಳು ವರ್ಷ ಕರ್ನಾಟಕ ಸಂಗೀತ ಕಲಿತವಳು. ವಾಯ್ಸ್ ನೋಟ್ ಹಾಕಿ ಕೇಳಿದೆ. ಹಾಡಿನ ಮಿಕ್ಕೆಲ್ಲ ಕಡೆ ಶಂಕರಾಭರಣದ ಚತುಶ್ರುತಿ ದೈವತ. ಅಲ್ಲಿ ಮಾತ್ರ ಶುದ್ಧ ದೈವತಕ್ಕೆ ಇಳಿದು ಪಂಚಮಕ್ಕೆ ಜಾರುತ್ತಿತ್ತು. G ಶ್ರುತಿಯಲ್ಲಿ ಆ ಸ್ವರ E♭. ನಾನು ಬರೆದ C ಕಾರ್ಡಿನೊಳಗೆ ಇರುವುದು E. ಅವಳ ಸ್ವರ, ನನ್ನ ತಂತಿ ಅರ್ಧ ಸ್ವರದ ಅಂತರದಲ್ಲಿ ಗುದ್ದಾಡುತ್ತಿದ್ದವು. Cm ಮಾಡಿದ ಕೂಡಲೇ ಅವಳ ಮುಖ ಸಡಿಲವಾಯಿತು. ಬೀಳ್ಕೊಡುಗೆಯ ಸಂಕಟವೆಲ್ಲ ಆ ಒಂದು ದೈವತದಲ್ಲಿತ್ತು. ಅದನ್ನೇ ನಾನು ಕಸ ಅಂತ ಗುಡಿಸಿಬಿಟ್ಟಿದ್ದೆ.

ಅಂದಿನಿಂದ, ಲೆಕ್ಕಕ್ಕೆ ಕೂರದ ಕಾರ್ಡ್ ಸಿಕ್ಕರೆ ಅದರ ಸುತ್ತ ಪೆನ್ಸಿಲಿನಲ್ಲಿ ವೃತ್ತ ಹಾಕುತ್ತೇನೆ, ತಿದ್ದುವುದಿಲ್ಲ. ಆ ಜಾಗದಲ್ಲಿ ಹಾಡುವವರು ಯಾವ ಸ್ವರ ಹಿಡಿಯುತ್ತಾರೆ ಅಂತ ಕೇಳಿ, ಆ ಸ್ವರ ಕಾರ್ಡಿನೊಳಗೆ ಇದೆಯೇ, ಅದರ ಪಕ್ಕದ ಅರ್ಧ ಸ್ವರ ಇದೆಯೇ ಅಂತ ನೋಡುತ್ತೇನೆ. ಪಕ್ಕದ್ದು ಇದ್ದರೆ ಅನುಮಾನ ಪಡಬೇಕು. ಹಾಡಿನ ರೆಕಾರ್ಡಿಂಗ್ ಇಲ್ಲದೆ ಬರೀ ಚಿತ್ರ ಕಳಿಸಿದರೆ ಈಗ ಬರೆದುಕೊಡುವುದಿಲ್ಲ.

Cm ಕೂಡ ಬಾರ್ ಕಾರ್ಡೇ. ಅದಕ್ಕೆ ಕೆಳಗಿನ ಮೂರು ಸಣ್ಣ ತಂತಿಗಳನ್ನಷ್ಟೇ ಬಳಸಿದೆವು: ಮೂರನೇ ತಂತಿ ಐದನೇ ಫ್ರೆಟ್, ಎರಡನೇ ತಂತಿ ಐದನೇ ಫ್ರೆಟ್, ಒಂದನೇ ತಂತಿ ಮೂರನೇ ಫ್ರೆಟ್ ಒತ್ತಿದರೆ C. ಎರಡನೇ ತಂತಿಯನ್ನು ನಾಲ್ಕನೇ ಫ್ರೆಟ್ಟಿಗೆ ತಂದರೆ Cm. ಬದಲಾಗುವುದು ಒಂದೇ ಸ್ವರ, ಅದೇ ದೈವತ. ಹುಡುಗರಿಗೆ ಕಿವಿಗಿಂತ ಮೊದಲು ಬೆರಳಿಗೆ ಅರ್ಥವಾಯಿತು.

ಇನ್ನು ಸಾಹಿತ್ಯ. ಸ್ಕ್ರೀನ್‌ಶಾಟಿನಲ್ಲಿ ಕನ್ನಡ ಇಂಗ್ಲಿಷ್ ಅಕ್ಷರದಲ್ಲಿತ್ತು. ಕಾರ್ಡ್ ಮೇಲಿನ ಸಾಲಿನಲ್ಲಿ, ಜಾಗ ಬಿಟ್ಟು ಬಿಟ್ಟು. ಇದನ್ನು ಕನ್ನಡ ಲಿಪಿಗೆ ತಂದರೆ ಆ ಜೋಡಣೆ ನಿಲ್ಲುವುದಿಲ್ಲ. ನಮ್ಮ ಅಕ್ಷರಗಳ ಅಗಲ ಒಂದೇ ಸಮ ಇಲ್ಲ, ಒಂದು ಫೋನಿನಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಎರಡಕ್ಷರ ಸರಿದಿರುತ್ತದೆ. ಅದಕ್ಕೆ ಕಾರ್ಡನ್ನು ಚೌಕ ಕಂಸದಲ್ಲಿ, ಅದು ಬೀಳುವ ಅಕ್ಷರದ ಮುಂದೆಯೇ ಬರೆಯುತ್ತೇನೆ:

```
[G]ಮಳೆ ನಿಂತ [D/F#]ಮೇಲೂ ಹನಿ [Em]ಉಳಿದ ಹಾಗೆ
[C]ನೀ ಹೋದ [Cm]ಮೇಲೂ ದನಿ [G]ಉಳಿಯಲಿ
```

ಕಾರ್ಡ್ ಪದದ ನಡುವೆ ಬಿದ್ದರೆ ನಡುವೆಯೇ ಬರೆಯಬಹುದು. ಆದರೆ ಒತ್ತಕ್ಷರವನ್ನು ಒಡೆಯಬಾರದು. "ಹತ್ತಿರ" ಅನ್ನುವಲ್ಲಿ ಎರಡನೇ ಅಕ್ಷರದ ಮೇಲೆ ಬದಲಾದರೆ ಹ[Am]ತ್ತಿರ ಅಂತ ಇಡೀ "ತ್ತಿ" ಮುಂದೆ ಬರೆಯಬೇಕು. ಎರಡು ತಕಾರಗಳ ಮಧ್ಯೆ ಕಂಸ ತೂರಿಸಿದರೆ ಅಕ್ಷರ ಮುರಿದು ಇನ್ನೇನೋ ಕಾಣುತ್ತದೆ, ವೇದಿಕೆಯ ಮೇಲೆ ಓದಲಾಗುವುದಿಲ್ಲ.

ಹಾಳೆಯ ತಲೆಯಲ್ಲಿ ಒಂದು ಸಾಲು ಇರಲೇಬೇಕು. ಹುಡುಗಿಗೆ ಐದು ಮನೆಯೇ ಹಿತವಾಗಿತ್ತು, ಹಾಗಾಗಿ ನಾವು "ಕೀ G, ಕ್ಯಾಪೊ ಇಲ್ಲ, ಮೂಲ A♭" ಅಂತ ಬರೆದೆವು. ಮೂಲ ಶ್ರುತಿಯಲ್ಲೇ ಹಾಡುವುದಾಗಿದ್ದರೆ ಇದೇ ಹಾಳೆ, ಇದೇ ಬೆರಳು ಇಟ್ಟುಕೊಂಡು ಮೊದಲನೇ ಫ್ರೆಟ್ಟಿಗೆ ಕ್ಯಾಪೊ ಹಾಕಿದರೆ ಸಾಕಿತ್ತು. ಆಗ ಕೀಬೋರ್ಡಿನವರಿಗೆ ಮಾತ್ರ ಈ ಹಾಳೆ ಕೊಡಬಾರದು, ಅವರು A♭ ಚಾರ್ಟನ್ನೇ ನೋಡಿ ನುಡಿಸಬೇಕು.