ಚೀಲದ ಹಿಂಬದಿಯ ಫೋಟೋ ಕಳಿಸಿ

"ಅಣ್ಣಾ, ಈ ಫೋಟೋ ನೋಡಿ ಇದು ಯಾವ ಕಂಪನಿ ಫುಡ್ ಅಂತ ಹೇಳ್ತೀರಾ? ನಮ್ಮ ನಾಯಿಮರಿಗೆ ಹಾಕ್ಬೋದಾ?"

ಫೋಟೋದಲ್ಲಿ ಇರುವುದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟ ಬಿಡಿ ಕಾಳಾದರೆ, ಯಾವ ಕಂಪನಿಯದು ಎಂದು ಹೇಳಲು ಆಗುವುದಿಲ್ಲ. ನನಗೆ ಮಾತ್ರ ಅಲ್ಲ, ಯಾರಿಗೂ ಆಗುವುದಿಲ್ಲ. ಹಿಟ್ಟನ್ನು ಯಂತ್ರದಲ್ಲಿ ಬೇಯಿಸಿ ಅಚ್ಚಿನ ತೂತಿನಿಂದ ಹೊರಗೆ ತಳ್ಳಿ, ಕತ್ತರಿಸಿ, ಒಣಗಿಸಿ ಈ ಕಾಳು ಮಾಡುತ್ತಾರೆ. ದುಂಡಗೆ, ಮೂಳೆಯಾಕಾರ, ನಡುವೆ ತೂತು ಇರುವ ಬಳೆಯಾಕಾರ, ಎಲ್ಲವೂ ಹತ್ತಾರು ಕಂಪನಿಗಳಲ್ಲಿ ಸಿಗುತ್ತವೆ. ಕೆಂಪು, ಹಸಿರು ಕಾಳು ಇದ್ದರೆ ಕ್ಯಾರೆಟ್ಟು, ಸೊಪ್ಪು ಹಾಕಿದ್ದಾರೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಬಣ್ಣ. ಮರಿಯ ಫುಡ್ಡಿನ ಕಾಳು ಸಣ್ಣದು, ದೊಡ್ಡ ನಾಯಿಯದು ದಪ್ಪ ಎಂಬ ಲೆಕ್ಕವೂ ನಿಲ್ಲುವುದಿಲ್ಲ. ಚಿಕ್ಕ ತಳಿಯ ಬೆಳೆದ ನಾಯಿಗೂ ಸಣ್ಣ ಕಾಳೇ ಮಾಡುತ್ತಾರೆ.

ಚೀಲದ ಮುಂಬದಿಯ ಫೋಟೋ ಆದರೆ ಬ್ರ್ಯಾಂಡ್ ಗುರುತಿಸುವುದು ಸುಲಭ. ಹೆಸರು ಮಡಚಿಹೋಗಿದ್ದರೂ ಗೂಗಲ್ ಲೆನ್ಸಿಗೆ ಹಾಕಿದರೆ ಸಿಕ್ಕಿಬಿಡುತ್ತದೆ. ಮೋಸ ಹೋಗುವುದು ಅದರ ನಂತರ. ಒಂದೇ ಕಂಪನಿಯ ಮರಿ ಫುಡ್ ಮತ್ತು ದೊಡ್ಡ ನಾಯಿ ಫುಡ್ಡಿನ ಚೀಲಗಳು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಲೆನ್ಸ್ ಹೆಚ್ಚಾಗಿ ಬಣ್ಣ, ಚಿತ್ರದ ಹೋಲಿಕೆ ಹಿಡಿದು ಹುಡುಕುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಅಡಲ್ಟ್ ಚೀಲವಾದರೂ ಆನ್‌ಲೈನ್ ಅಂಗಡಿಯ ಪಪ್ಪಿ ಚೀಲವನ್ನು ತೋರಿಸಬಹುದು. ಬಾರ್‌ಕೋಡ್ ಕಾಣುತ್ತಿದ್ದರೆ ಅದರ ಕೆಳಗಿನ 13 ಅಂಕಿಯನ್ನು ಟೈಪ್ ಮಾಡಿ ಹುಡುಕಿ. ಒಂದೇ ಬ್ರ್ಯಾಂಡಿನ ಪಪ್ಪಿಗೂ ಅಡಲ್ಟಿಗೂ ಬೇರೆ ಬೇರೆ ನಂಬರ್ ಇರುತ್ತದೆ, ಆದ್ದರಿಂದ ಇದು ಚಿತ್ರಕ್ಕಿಂತ ನಂಬಿಕೆಯ ದಾರಿ. ನಂಬರ್ 890ರಿಂದ ಶುರುವಾದರೆ ಅದನ್ನು ಭಾರತದಲ್ಲಿ ನೋಂದಾಯಿಸಿದ್ದಾರೆ ಎಂದಷ್ಟೇ ಅರ್ಥ. ಫುಡ್ ಎಲ್ಲಿ ತಯಾರಾಯಿತು ಎನ್ನುವುದನ್ನು ತಯಾರಕರ ವಿಳಾಸದಲ್ಲೇ ನೋಡಬೇಕು.

ಇಷ್ಟೆಲ್ಲಾ ಮಾಡಿ ಬ್ರ್ಯಾಂಡ್ ಗೊತ್ತಾಯಿತು ಅನ್ನಿ. ಮರಿಗೆ ಹಾಕಬಹುದಾ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅದು ಇರುವುದು ಚೀಲದ ಹಿಂದೆ, ಸಣ್ಣ ಅಕ್ಷರದಲ್ಲಿ.

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯವರ ವಿಷಯ ಹೇಳುತ್ತೇನೆ. ಎರಡೂವರೆ ತಿಂಗಳ ಲ್ಯಾಬ್ರಡಾರ್ ಮರಿ ತಂದಿದ್ದರು. ಪೇಟೆಯ ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿ ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಟ ಫುಡ್ಡಿನ ಫೋಟೋ ಕಳಿಸಿದರು. ಕವರಿನ ಮೇಲೆ ಮಾರ್ಕರಿನಲ್ಲಿ 'ಪಪ್ಪಿ' ಎಂದು ಬರೆದಿತ್ತು. ಮತ್ತೆ ಪೇಟೆಗೆ ಹೋದಾಗ ಆ ದೊಡ್ಡ ಚೀಲದ್ದೇ ಫೋಟೋ ತೆಗೆದು ಕಳಿಸಿ ಎಂದೆ. ಮೊದಲು ಬಂದದ್ದು ಮುಂಬದಿ: ಒಳ್ಳೆಯ ಹೆಸರಿನ ಬ್ರ್ಯಾಂಡೇ, ನಾಯಿಯ ಚಿತ್ರ, ಕೋಳಿಯ ಚಿತ್ರ. ಹಿಂಬದಿಯದು ಬೇಕು ಎಂದಾಗ ಬಂದ ಫೋಟೋದಲ್ಲಿ ಟ್ಯೂಬ್‌ಲೈಟಿನ ಬೆಳಕು ಹೊಳೆದು ಅರ್ಧ ಅಕ್ಷರ ಮಾಯವಾಗಿತ್ತು. ಈ ಚೀಲಗಳ ಪ್ಲಾಸ್ಟಿಕ್ ಕನ್ನಡಿಯಂತೆ ಹೊಳೆಯುತ್ತದೆ. ಫ್ಲ್ಯಾಶ್ ಆಫ್ ಮಾಡಿ, ಬಾಗಿಲ ಬೆಳಕಿಗೆ ತಂದು, ಉಬ್ಬಿದ ಭಾಗವನ್ನು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ನೇರ ಎದುರಿನಿಂದ ತೆಗೆಯಬೇಕು. ಹಾಗೆ ತೆಗೆದ ಮೂರನೇ ಫೋಟೋದಲ್ಲಿ ಎಲ್ಲವೂ ಓದಲು ಬಂತು.

ನಾನು ಮೊದಲು ನೋಡಿದ್ದು ಎಷ್ಟು ಹಾಕಬೇಕು ಎನ್ನುವ ಪಟ್ಟಿಯನ್ನು. ಮರಿಯ ಫುಡ್ಡಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ವಯಸ್ಸು ತಿಂಗಳ ಲೆಕ್ಕದಲ್ಲಿ ಇರುತ್ತದೆ, ಜೊತೆಗೆ ಬೆಳೆದ ಮೇಲೆ ಎಷ್ಟು ಕೆಜಿ ಆಗುತ್ತದೆ ಎಂಬ ಸಾಲೂ ಇರುತ್ತದೆ. ಇದರಲ್ಲಿ ಬರೀ ನಾಯಿಯ ತೂಕ, ಅದರ ಮುಂದೆ ಗ್ರಾಂ. ತಿಂಗಳ ಮಾತೇ ಇಲ್ಲ. ಅಲ್ಲೇ ಅನುಮಾನ ಬಂತು. ಕೆಳಗೆ ಮೂಲೆಯಲ್ಲಿ 'ಅಡಲ್ಟ್' ಎಂದೂ ಇತ್ತು.

ಅವರು ಬಿಡಲಿಲ್ಲ. "ಪ್ರೋಟೀನ್ 20% ಇದೆಯಲ್ಲಣ್ಣ, ಸಾಕಲ್ವಾ?" ಎಂದರು. ಕೇಳಬೇಕಾದ ಪ್ರಶ್ನೆಯೇ. ಚೀಲದ ಮೇಲೆ ಹಾಕಿರುವ ಶೇಕಡಾ ಲೆಕ್ಕದಲ್ಲಿ ನೀರಿನಂಶವೂ ಸೇರಿರುತ್ತದೆ. ಈ ಫುಡ್ಡಿನಲ್ಲಿ ತೇವಾಂಶ 10%. ಅಂದರೆ ನೂರು ಗ್ರಾಂ ಕಾಳಿನಲ್ಲಿ ನೀರು ಬಿಟ್ಟು ಉಳಿಯುವುದು 90 ಗ್ರಾಂ. 20ನ್ನು 90ರಿಂದ ಭಾಗಿಸಿದರೆ ಸುಮಾರು 22.2%. ಪ್ರಪಂಚದಲ್ಲಿ ಹಲವು ಕಂಪನಿಗಳು ನೋಡುವ, ಪ್ರಾಣಿಗಳ ಫುಡ್ಡಿಗೆ ಮಾನದಂಡ ಹಾಕುವ ಅಮೆರಿಕದ ಆಫ್ಕೋ ಸಂಸ್ಥೆಯ ಅಳತೆಯಲ್ಲಿ, ಬೆಳೆಯುವ ಮರಿಗೆ ನೀರು ಬಿಟ್ಟ ಲೆಕ್ಕದಲ್ಲಿ ಕನಿಷ್ಠ 22.5% ಪ್ರೋಟೀನ್ ಬೇಕು. ದೊಡ್ಡ ನಾಯಿಗೆ 18% ಸಾಕು. ಹಾಗಾಗಿ ಪ್ರೋಟೀನ್ ಒಂದನ್ನೇ ನೋಡಿದರೆ ಕೂದಲೆಳೆಯ ಕೊರತೆ, ಪರವಾಗಿಲ್ಲ ಅನ್ನಿಸಿಬಿಡುತ್ತದೆ.

ತೊಂದರೆ ಇದ್ದದ್ದು ಕ್ಯಾಲ್ಸಿಯಂನಲ್ಲಿ. ಚೀಲದ ಮೇಲೆ 0.9% ಎಂದಿತ್ತು, ನೀರು ಬಿಟ್ಟರೆ 1%. ಮರಿಗೆ ಕನಿಷ್ಠ 1.2% ಬೇಕು. ದೊಡ್ಡ ನಾಯಿಗೆ 0.5% ಇದ್ದರೂ ನಡೆಯುತ್ತದೆ, ಆದ್ದರಿಂದ ಫುಡ್ಡಿನ ತಪ್ಪೇನೂ ಇಲ್ಲ. ಅದು ಮಾಡಿರುವುದು ಬೇರೆ ವಯಸ್ಸಿಗೆ, ಅಷ್ಟೇ.

ಇಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: "ಅದಕ್ಕೇ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಸಿರಪ್ ತಂದು ದಿನಾ ಹಾಕ್ತಿದೀವಿ." ನಮ್ಮ ಕಡೆ ಇದು ತುಂಬಾ ಜಾಸ್ತಿ, ನನಗೆ ಅತ್ಯಂತ ಭಯ ಇರುವುದೂ ಇದರ ಬಗ್ಗೆಯೇ. ದೊಡ್ಡ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಎಳೆಯ ಮರಿಯ ಕರುಳಿಗೆ ಆ ಹತೋಟಿ ಇನ್ನೂ ಬಂದಿರುವುದಿಲ್ಲ. ಹೊಟ್ಟೆಗೆ ಹೋದದ್ದರಲ್ಲಿ ದೊಡ್ಡ ಪಾಲು ಮೈಗೆ ಸೇರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂತಹ ದೊಡ್ಡ ತಳಿಯ ಮರಿಗಳಲ್ಲಿ ಈ ಹೆಚ್ಚುವರಿ ಕ್ಯಾಲ್ಸಿಯಂ ಮೂಳೆ, ಕೀಲು ಬೆಳೆಯುವ ಕ್ರಮವನ್ನೇ ಕೆಡಿಸುತ್ತದೆ. ಮುಂಗಾಲು ಸೊಟ್ಟಗಾಗುವುದು, ಕುಂಟುವುದು, ಎದ್ದು ನಿಲ್ಲಲು ಒದ್ದಾಡುವುದು ಕಾಣಿಸುತ್ತದೆ. ಅದಕ್ಕೇ ದೊಡ್ಡ ತಳಿಯ ಮರಿಗೆ ಮೇಲಿನ ಮಿತಿಯೂ ಇದೆ, 1.8%. ಕಡಿಮೆ ಇರುವ ಫುಡ್ಡಿಗೆ ಅಂದಾಜಿನಲ್ಲಿ ಸಿರಪ್ ಸುರಿದರೆ ಈ ಎರಡು ಗೆರೆಗಳ ನಡುವೆ ನಿಲ್ಲಿಸಲು ಆಗುವುದಿಲ್ಲ. ರಂಜಕದ ಜೊತೆ ಇರಬೇಕಾದ ಸಮತೋಲನವೂ ತಪ್ಪುತ್ತದೆ. ಸಿರಪ್ಪಿನ ಬಾಟಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಅವರು ಬೇಕು ಎಂದರೆ ಮಾತ್ರ ಹಾಕಿ ಎಂದು ಹೇಳಿದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ತೋರಿಸಿದರು. ನಿಲ್ಲಿಸಿ ಎಂದರಂತೆ.

ಆಮೇಲೆ ಅವರು ಕಳಿಸಿದ್ದು ಬಿಚ್ಚದ ಮೂರು ಕೆಜಿ ಚೀಲದ ಫೋಟೋ. ಪಟ್ಟಿಯಲ್ಲಿ ತಿಂಗಳುಗಳಿದ್ದವು. ಪ್ರೋಟೀನ್ 24%, ತೇವಾಂಶ 10%, ಕ್ಯಾಲ್ಸಿಯಂ 1.1ರಿಂದ 1.5%. ನೀರು ಬಿಟ್ಟು ನೋಡಿದರೆ ಕ್ಯಾಲ್ಸಿಯಂ ಸುಮಾರು 1.2ರಿಂದ 1.7. ಎರಡು ಗೆರೆಗಳ ಒಳಗೇ ಇದೆ. ಇದನ್ನು ಹಾಕಬಹುದು ಎಂದೆ, ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಬದಲಾಯಿಸಿ ಎಂದೂ ಹೇಳಿದೆ. ಎಲ್ಲಾ ಕಂಪನಿಯವರೂ ಕ್ಯಾಲ್ಸಿಯಂನ ಮೇಲಿನ ಮಿತಿ ಬರೆದಿರುವುದಿಲ್ಲ. ಬರೆಯದಿದ್ದರೆ ಚೀಲದ ಮೇಲೆ ಕಸ್ಟಮರ್ ಕೇರ್ ನಂಬರ್ ಇರುತ್ತದೆ, ಫೋನ್ ಮಾಡಿ ಕೇಳಿ. ದೊಡ್ಡ ತಳಿಯ ಮರಿಗೆ ಎಂದೇ ಮಾಡಿದ್ದು ಕೇಳಿದರೆ ಇನ್ನೂ ಒಳ್ಳೆಯದು. ರಾಯಲ್ ಕ್ಯಾನಿನ್ ಚೀಲದ ಮೇಲೆ 'ಮ್ಯಾಕ್ಸಿ' ಎಂದಿದ್ದರೆ ಅದು ದೊಡ್ಡ ಪ್ಯಾಕ್ ಅಲ್ಲ, ಬೆಳೆದ ಮೇಲೆ 26ರಿಂದ 44 ಕೆಜಿ ತೂಗುವ ತಳಿಗೆ ಎಂದು ಅರ್ಥ. 'ಸ್ಟಾರ್ಟರ್' ಎಂದಿದ್ದರೆ ತಾಯಿಗೆ ಮತ್ತು ಹಾಲು ಬಿಡುತ್ತಿರುವ ಎಳೆಮರಿಗೆ.

ಗ್ರೇವಿ ಪೌಚುಗಳ ವಿಷಯದಲ್ಲಿ ಒಂದು ಮಾತು. ಅದರ ಹಿಂದೆ 'ಕಂಪ್ಲೀಟ್' ಎಂದಿದ್ದರೆ ಅದೊಂದನ್ನೇ ಊಟವಾಗಿ ಕೊಡಬಹುದು. 'ಕಾಂಪ್ಲಿಮೆಂಟರಿ' ಎಂದಿದ್ದರೆ ನಂಚಿಕೊಳ್ಳಲು ಮಾತ್ರ. ಮಂಕಾದ ಫೋಟೋದಲ್ಲಿ ಇವೆರಡು ಒಂದೇ ತರ ಕಾಣುತ್ತವೆ, ದೊಡ್ಡದು ಮಾಡಿ ಓದಿ.

ಬಿಡಿ ಫುಡ್ ಬೇಡ ಎನ್ನಲು ನಮ್ಮ ಊರಿನ ಮಳೆಯೂ ಒಂದು ಕಾರಣ. ಜೂನ್ ಬಂದರೆ ಬಾಯಿ ಬಿಚ್ಚಿದ ಚೀಲ ತಣ್ಣನೆಯ ಥಂಡಿಯನ್ನೆಲ್ಲಾ ಹೀರುತ್ತದೆ. ಮುರಿದಾಗ ಪಟ್ ಎನ್ನಬೇಕಾದ ಕಾಳು ಬೆರಳಿಗೆ ಮೆತ್ತಗಾಗುತ್ತದೆ. ಅಂಥದ್ದರಲ್ಲಿ ಬೂಸ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ಲಿವರಿಗೆ ಹೊಡೆಯುತ್ತದೆ. ಬಿಸಿನೀರಿನಲ್ಲಿ ನೆನೆಸಿದರೂ, ಬೇಯಿಸಿದರೂ ಹೋಗುವುದಿಲ್ಲ, ಫೋಟೋದಲ್ಲಿ ಕಾಣುವುದೂ ಇಲ್ಲ. ಮರಿ ಊಟ ಬಿಟ್ಟು, ವಾಂತಿ ಮಾಡಿ, ಒಸಡು ಹಳದಿಯಾದರೆ ಅಂದೇ ಡಾಕ್ಟರ ಹತ್ತಿರ ಓಡಬೇಕು. ಉಳಿದ ಫುಡ್ಡನ್ನೂ ಚೀಲದ ಸಮೇತ ಒಯ್ಯಿರಿ. ಬಿಡಿ ಫುಡ್ಡಿಗೆ ಬ್ಯಾಚ್ ನಂಬರ್ ಇಲ್ಲ, ತಾರೀಕು ಇಲ್ಲ, ಏನಾದರೂ ಆದರೆ ಯಾರನ್ನೂ ಕೇಳಲು ಆಗುವುದಿಲ್ಲ. ಮನೆಯಲ್ಲೂ ಫುಡ್ಡನ್ನು ಡಬ್ಬಿಗೆ ಸುರಿಯದೆ, ಚೀಲದ ಬಾಯಿ ಮಡಚಿ ಚೀಲವನ್ನೇ ಡಬ್ಬಿಯೊಳಗೆ ಇಡಿ. ನಂಬರೂ ಉಳಿಯುತ್ತದೆ, ಥಂಡಿಯೂ ತಾಗುವುದಿಲ್ಲ.

ಫುಡ್ ಬಿಟ್ಟರೆ ಜಾಸ್ತಿ ಬರುವುದು ಉಣುಗು ಹತ್ತದಂತೆ ಕುತ್ತಿಗೆಗೆ ಕಟ್ಟುವ ಪಟ್ಟಿಯ ಫೋಟೋ. ಕಾಡಂಚಿನ ಮನೆಗಳಲ್ಲಿ ಮರಿ ಒಂದು ಸುತ್ತು ಬೇಲಿ ಹಾರಿ ಬಂದರೆ ಕಿವಿಯೊಳಗೆ ಉಣುಗು ಕಚ್ಚಿಕೊಂಡಿರುತ್ತದೆ, ಹಾಗಾಗಿ ಪಟ್ಟಿ ಹಾಕುವ ಅವಸರ ಅರ್ಥವಾಗುತ್ತದೆ. ಆದರೆ ಪೊಟ್ಟಣದಿಂದ ತೆಗೆದ ಬೂದು ಬಣ್ಣದ ಪಟ್ಟಿಯ ಫೋಟೋದಿಂದ ಅದರೊಳಗಿನ ಔಷಧ ಯಾವುದು ಎಂದು ತಿಳಿಯುವುದಿಲ್ಲ. ಏಳು ವಾರ ಆದ ಮರಿಗೆ ಹಾಕಬಹುದಾದ ಪಟ್ಟಿಗಳಿವೆ. ಅಮಿಟ್ರಾಜ್ ಔಷಧ ಇರುವ ಪಟ್ಟಿಗೆ ಮೂರು ತಿಂಗಳು ತುಂಬಿರಬೇಕು, ಮರಿ ಅದನ್ನು ಕಚ್ಚಿ ನುಂಗಿದರೆ ಅಪಾಯ. ಔಷಧದ ಹೆಸರು ಮತ್ತು ಕನಿಷ್ಠ ವಯಸ್ಸು, ಎರಡೂ ಪೊಟ್ಟಣದ ಮೇಲೆ ಇರುತ್ತವೆ. ಪೊಟ್ಟಣ ಎಸೆದಿದ್ದರೆ ಆ ಪಟ್ಟಿ ಮರಿಗೆ ಬೇಡ. ಡಾಕ್ಟರನ್ನು ಕಾಣುವವರೆಗೆ ಚಿಮಟದಲ್ಲಿ ಉಣುಗಿನ ತಲೆಯ ಹತ್ತಿರ ಹಿಡಿದು ನೇರ ಎಳೆದು ತೆಗೆಯಿರಿ. ಬೆರಳಿನಲ್ಲಿ ಜಜ್ಜಬೇಡಿ.